ಒಂದೇ ದಿನ ಬರೆಸಿದ ಎರಡು ದಾನಪತ್ರ

ಗೌಡಗೆರೆಯ ಮಂಗಳಾಗೆ ಹೊಟ್ಟೆಕಿಚ್ಚು ಜಾಸ್ತಿ ಅಂತ ಅವಳ ಗಂಡ ಕದರಪ್ಪನೇ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ಸುಳ್ಳು ಅನ್ನುವ ಧೈರ್ಯ ಯಾರಿಗೂ ಇಲ್ಲ, ಮಂಗಳಾಗಂತೂ ಮೊದಲೇ ಇಲ್ಲ. ಆದರೆ ಕದರಪ್ಪ ಅರ್ಧ ಮಾತ್ರ ಹೇಳುತ್ತಿದ್ದ. ಪಕ್ಕದ ಮನೆಯವರು ಹೊಸ ಫ್ರಿಜ್ಜು ತಂದರೆ ಹೋಗಿ ನೋಡಿ, ಬಾಗಿಲು ತೆಗೆದು ಮುಚ್ಚಿ, ಮನಸಾರೆ ಹೊಗಳಿ ಬರುವ ಹೆಂಗಸು ಅವಳು. ಓರಗಿತ್ತಿಗೆ ಸರ ಮಾಡಿಸಿದಾಗ ಅಕ್ಕಸಾಲಿಗನ ಅಂಗಡಿಗೆ ಜೊತೆಗೆ ಹೋಗಿ ಡಿಸೈನು ಆರಿಸಿಕೊಟ್ಟವಳೂ ಅವಳೇ. ಅವಳ ಹೊಟ್ಟೆಕಿಚ್ಚೆಲ್ಲ ಒಬ್ಬನಿಗೇ ಮೀಸಲು. ಅವನು ಅವಳಿಗಿಂತ ಏಳು ವರ್ಷ ಚಿಕ್ಕವನಾದ ತಮ್ಮ ಸುನೀಲ್‌ಕುಮಾರ್, ಶಿರಾದಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡವನು.

ಮಂಗಳಾ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅರವತ್ತೆರಡು ಮಕ್ಕಳಿಗೆ ಬಡಿಸುವಾಗ ಅವಳ ಸೌಟು ತಕ್ಕಡಿಯಂತೆ ಆಡುತ್ತಿತ್ತು. ಒಬ್ಬರಿಗೆ ತಳದ ಬೇಳೆ, ಒಬ್ಬರಿಗೆ ಮೇಲಿನ ತಿಳಿ ಅನ್ನುವುದು ಅವಳ ಕೈಯಲ್ಲಿ ನಡೆಯುತ್ತಿರಲಿಲ್ಲ. ಹೆಡ್‌ಮಿಸ್ಸು ನಾಗರತ್ನಮ್ಮ ಒಮ್ಮೆ, ಇದನ್ನು ಎಲ್ಲಿ ಕಲಿತೆ ಮಂಗಳಾ ಅಂತ ಕೇಳಿದ್ದಕ್ಕೆ, ನಮ್ಮವ್ವನ ಮನೇಲಿ ತಿಳಿ ಉಂಡು ಉಂಡು ಕಲಿತೆ ಅಂದಿದ್ದಳು. ನಾಗರತ್ನಮ್ಮ ನಕ್ಕರು. ಮಂಗಳಾ ನಗಲಿಲ್ಲ.

ಅವ್ವ ಮುದ್ದಕ್ಕ ಅಂಥಿಂಥ ಹೆಂಗಸಲ್ಲ. ಗಂಡ ಓಬಳಯ್ಯ ಎಳೆಯ ವಯಸ್ಸಿನಲ್ಲೇ ತೀರಿಕೊಂಡಾಗ ಎರಡು ಮಕ್ಕಳನ್ನು ಕಟ್ಟಿಕೊಂಡು ಶಿರಾದ ಹುಣಸೆಹಣ್ಣಿನ ಮಂಡಿಗಳಲ್ಲಿ ಕೂಲಿಗೆ ಕೂತಳು. ಹಣ್ಣು ಕುಟ್ಟಿ ಬೀಜ ಬಿಡಿಸಿ, ನಾರು ತೆಗೆದು, ಬೆರಳ ಸಂದಿಗಳೆಲ್ಲ ಹುಳಿಗೆ ಬಿರಿದು ಹೋಗಿದ್ದವು. ಆ ಕೈಯಲ್ಲೇ ಶಿರಾ ಪೇಟೆಯಲ್ಲಿ ಒಂದು ಮನೆ, ಗೌಡಗೆರೆ ಬಳಿ ಒಂದೂವರೆ ಎಕರೆ ಕಡಲೆಕಾಯಿ ಹೊಲ ಮಾಡಿದಳು. ಎರಡೂ ಅವಳ ಸ್ವಂತ ಗಳಿಕೆ, ಅವಳ ಹೆಸರಿನಲ್ಲೇ ಇದ್ದವು. ಇಷ್ಟೆಲ್ಲ ಮಾಡಿದ ಹೆಂಗಸು ಹಾಲಿನ ಕೆನೆಯನ್ನು ಮಾತ್ರ ಎರಡು ಪಾಲು ಮಾಡಲು ಕಲಿಯಲೇ ಇಲ್ಲ. ಕೆನೆ ಸುನೀಲನಿಗೆ. ಮೊಟ್ಟೆ ಬೇಯಿಸಿದರೆ ಅವನಿಗೆ ಒಂದು, ಮಂಗಳಾಗೆ ಅರ್ಧ. ಗಂಡುಮಗು ಕಣಮ್ಮ, ಬೆಳೀಬೇಕು ಅನ್ನುತ್ತಿದ್ದಳು. ಮಂಗಳಾ ಕೂಡ ಆಗ ಬೆಳೆಯುವ ವಯಸ್ಸಿನವಳೇ ಅನ್ನುವುದು ಅವ್ವನಿಗೆ ಹೊಳೆದಂತಿರಲಿಲ್ಲ.

ದಾನಪತ್ರದ ಮಾತು ಬಂದದ್ದು ಎರಡು ಸಾವಿರದ ಹತ್ತೊಂಬತ್ತರಲ್ಲಿ. ಅಂಗಡಿ ದೊಡ್ಡದು ಮಾಡಲು ಬ್ಯಾಂಕಿನಲ್ಲಿ ಸಾಲ ಕೇಳಿದ್ದೀನಿ, ಮನೆ ನನ್ನ ಹೆಸರಿಗೆ ಇದ್ದರೆ ಕೊಡುತ್ತಾರೆ ಅಂತ ಸುನೀಲ ಅವ್ವನ ಮುಂದೆ ಕೂತ. ಮುದ್ದಕ್ಕ ಎರಡನೇ ಮಾತು ಆಡಲಿಲ್ಲ. ಮಗಳು ನಾಳೆ ತಕರಾರು ತೆಗೆದಾಳು ಅಂತ ಅವಳಿಗೆ ಹೊಲ ಕೊಡುವುದು ಅಂತ ತೀರ್ಮಾನವಾಯಿತು. ಇಬ್ಬರಿಗೂ ಒಂದೇ ದಿನ, ಶಿರಾದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ.

ಪತ್ರ ಬರೆದವನು ಚಿಕ್ಕನರಸಯ್ಯ, ಆ ಕಚೇರಿಯ ಎದುರಿನ ಸಾಲಿನಲ್ಲಿ ಮೂವತ್ತು ವರ್ಷ ಪತ್ರ ಬರೆದೇ ಕನ್ನಡಕ ದಪ್ಪ ಮಾಡಿಕೊಂಡವನು. ಅವನು ಎಲ್ಲ ಮುದುಕರಿಗೂ ಕೇಳುವ ಪ್ರಶ್ನೆಯನ್ನೇ ಮುದ್ದಕ್ಕನಿಗೂ ಕೇಳಿದ: ದಾನ ತಗೊಂಡವರು ನಿಮ್ಮನ್ನು ಕಡೆತನಕ ನೋಡಿಕೊಳ್ಳಬೇಕು, ಊಟ, ಬಟ್ಟೆ, ಔಷಧಿ ಒದಗಿಸಬೇಕು, ತಪ್ಪಿದರೆ ದಾನ ರದ್ದಾಗಬೇಕು ಅಂತ ಒಂದು ಷರತ್ತು ಬರೀಲಾ? ಬರೆದರೆ ಒಳ್ಳೇದು, ಕಾನೂನು ಇದೆ ಅಂದ. ಮುದ್ದಕ್ಕ ಸ್ವಲ್ಪ ಯೋಚಿಸಿದಳು. ಆಮೇಲೆ ಮಗಳಿದ್ದಾಳಲ್ಲ, ಅವಳದ್ರಲ್ಲಿ ಬರಿ ಅಂದಳು. ಮಗನದ್ದರಲ್ಲಿ ಬೇಡ.

ಮಂಗಳಾ ಪಕ್ಕದ ಬೆಂಚಿನಲ್ಲೇ ಕೂತಿದ್ದಳು. ಮುಖಕ್ಕೆ ಹೊಡೆದಂತಾಯಿತು. ಅದನ್ನು ಕಂಡೋ ಏನೋ ಸುನೀಲ ದೊಡ್ಡ ಮನಸ್ಸು ತೋರಿಸುವವನ ಹಾಗೆ ಅವ್ವನ ಹೆಗಲ ಮೇಲೆ ಕೈ ಹಾಕಿದ. "ಬರ್ಸೋದ್ಯಾಕವ್ವ, ಕಡೆಗಂಟ ನಾನೇ ತಾನೆ ನೋಡ್ಕಳದು. ಆ ಮಾತ್ಮೇಲೇ ಇಸ್ಕೊಂತಾ ಇವ್ನಿ ಅನ್ಕೋ" ಅಂದ. ಚಿಕ್ಕನರಸಯ್ಯನಿಗೆ ಆ ಹೊತ್ತಿಗೆ ಫೋನು ಬಂದಿತ್ತು, ಅವನು ಎದ್ದು ಹೋಗಿದ್ದ. ಆ ಮಾತು ಕೇಳಿಸಿಕೊಂಡವರು ಅವ್ವ ಮತ್ತು ಮಂಗಳಾ, ಇಬ್ಬರೇ.

ಒಂದು ಪತ್ರದಲ್ಲಿ ಷರತ್ತು, ಒಂದರಲ್ಲಿ ಬರೀ ಪ್ರೀತಿ ವಿಶ್ವಾಸ. ರಿಜಿಸ್ಟ್ರಿ ಆಗಿ ಮನೆಗೆ ಬಂದ ಮಂಗಳಾ ತನ್ನ ಪತ್ರವನ್ನು ಟ್ರಂಕಿನ ತಳಕ್ಕೆ ಹಾಕಿ ಮತ್ತೆ ತೆಗೆದು ನೋಡಲಿಲ್ಲ. ಹೊಲ ಬಂತಲ್ಲ ಮಾರಾಯ್ತಿ ಅಂತ ಕದರಪ್ಪ ಕುಣಿದಾಡಿದ. ಅವಳಿಗೆ ಹೊಲದ ಕಡೆ ಗಮನವೇ ಇರಲಿಲ್ಲ. ತಾನು ಅನುಮಾನದವಳು, ಅವನು ನಂಬಿಕೆಯವನು ಅಂತ ಸರ್ಕಾರದ ಕಾಗದದ ಮೇಲೆ ಮೊಹರು ಒತ್ತಿ ಬರೆದ ಹಾಗಿತ್ತು.

ಮೂರು ವರ್ಷ ಕಳೆಯಿತು. ಒಂದು ಭಾನುವಾರ ಸುನೀಲ ಕಾರಿನಲ್ಲಿ ಅವ್ವನನ್ನು ಕರೆದುಕೊಂಡು ಬಂದ. ಮನೆಗೆ ಬಣ್ಣ ಹೊಡೆಸುತ್ತಿದ್ದೀವಿ, ವಾಸನೆಗೆ ಅವ್ವನಿಗೆ ಉಬ್ಬಸ ಬರುತ್ತೆ, ಒಂದು ವಾರ ಇಟ್ಟುಕೊಳ್ಳಕ್ಕ ಅಂದ. ಎರಡು ಸೀರೆ, ಒಂದು ಚೊಂಬು, ಹತ್ತು ದಿನಕ್ಕಾಗುವಷ್ಟು ಬಿಪಿ ಮಾತ್ರೆ ಇಳಿಸಿ ಹೋದ. ವಾರ ಹೋಗಿ ತಿಂಗಳಾಯಿತು. ಮಂಗಳಾ ಫೋನು ಮಾಡಿದರೆ ಮೊದಮೊದಲು ಬರ್ತೀನಿ ಅನ್ನುತ್ತಿದ್ದ, ಆಮೇಲೆ ಅವನ ಹೆಂಡತಿ ಯಶಸ್ವಿನಿ ಎತ್ತುತ್ತಿದ್ದಳು, ಆಮೇಲೆ ಯಾರೂ ಎತ್ತುತ್ತಿರಲಿಲ್ಲ. ಶಿರಾ ಸಂತೆಗೆ ಹೋದ ಕದರಪ್ಪ ಬಂದು ಸುದ್ದಿ ಹೇಳಿದ: ಅವ್ವನ ಕೋಣೆಯ ಗೋಡೆ ಒಡೆದು ಬೀದಿಗೆ ಶಟರ್ ಹಾಕಿಸಿದ್ದಾರೆ, ಒಂದು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಟ್ಟಿದ್ದಾರೆ.

ಇಂಥ ಸುದ್ದಿ ಕೇಳಿದರೆ ಮಗಳಾದವಳಿಗೆ ಅವ್ವನ ಮೇಲೆ ಕರುಣೆ ಬರಬೇಕು. ಮಂಗಳಾಗೆ ಬಂದದ್ದು ಖುಷಿ. ಈಗಲಾದರೂ ಅವ್ವನಿಗೆ ಮಗ ಎಂಥವನು ಅಂತ ಗೊತ್ತಾಗುತ್ತೆ ಅಂದುಕೊಂಡಳು. ಅಂಥ ಖುಷಿಗೆ ನಾಚಿಕೊಂಡು ಅವತ್ತು ಅವ್ವನಿಗೆ ತಲೆಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿದಳು.

ಅವ್ವನಿಗೆ ಏನೂ ಗೊತ್ತಾಗಲಿಲ್ಲ. ಮೂರು ವರ್ಷ ಮಂಗಳಾ ಹೊತ್ತುಹೊತ್ತಿಗೆ ಮುದ್ದೆ ಹಾಕಿದಳು, ಮಾತ್ರೆ ತಂದಳು, ಮಂಡಿ ನೋವಿಗೆ ಬರಗೂರಿನ ಆಸ್ಪತ್ರೆಗೆ ಕರೆದುಕೊಂಡು ಓಡಾಡಿದಳು. ಬಸ್ಸಾರು ಉಂಡರೆ ಅವ್ವ, ಸುನೀಲನಿಗೆ ಇದು ಅಂದರೆ ಪ್ರಾಣ ಅನ್ನುವಳು. ಹೊಸ ರಗ್ಗು ಹೊದಿಸಿದರೆ, ಅವನಿಗೆ ಚಳಿ ತಡೆಯಲ್ಲ, ಏನು ಹೊದ್ದುಕೊಂಡನೋ ಅನ್ನುವಳು. ಅಲ್ಲಿಲ್ಲದ ಸುನೀಲ ಮನೆಯ ತುಂಬ ಓಡಾಡುತ್ತಿದ್ದ. ಅವನು ಎದುರಿಗಿದ್ದಾಗಲೂ ಮಂಗಳಾಗೆ ಅಷ್ಟು ಉರಿದಿರಲಿಲ್ಲ.

ಹೋದ ವರ್ಷ ಶಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ನಾಗರತ್ನಮ್ಮ ಪೇಪರು ಓದಿ ಹೇಳಿದರು. ಎಲ್ಲೋ ಒಬ್ಬ ಮುದುಕನನ್ನು ಮಕ್ಕಳು ಹೊರಗೆ ಹಾಕಿದ್ದರಂತೆ, ಉಪವಿಭಾಗದ ಎ.ಸಿ. ಸಾಹೇಬರು ದಾನಪತ್ರ ರದ್ದು ಮಾಡಿ ಮನೆಯನ್ನು ಮತ್ತೆ ಮುದುಕನ ಹೆಸರಿಗೆ ಮಾಡಿಸಿದರಂತೆ. ಮಂಗಳಾ ಮೊರ ಕೆಳಗಿಟ್ಟಳು. ನಾಗರತ್ನಮ್ಮ ಬಿಡಿಸಿ ಹೇಳಿದರು. ಹಿರಿಯ ನಾಗರಿಕರ ಕಾಯ್ದೆ ಅಂತ ಇದೆ. ಶಿರಾ, ಕೊರಟಗೆರೆ, ಪಾವಗಡ ಎಲ್ಲಕ್ಕೂ ಸೇರಿ ಮಧುಗಿರಿಯ ಎ.ಸಿ. ಕಚೇರಿಯಲ್ಲೇ ಅದರ ನ್ಯಾಯಮಂಡಳಿ ಕೂರುತ್ತೆ. ಅರ್ಜಿ ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತೆ, ವಕೀಲರು ಬೇಕಿಲ್ಲ. ಆದರೆ ಅರ್ಜಿ ಕೊಡಬೇಕಾದವಳು ನೀನಲ್ಲ, ದಾನ ಕೊಟ್ಟ ನಿಮ್ಮವ್ವ.

ಅವತ್ತಿನಿಂದ ಮಂಗಳಾಗೆ ಒಂದೇ ಧ್ಯಾನ. ಮನೆ ಅವನ ಕೈ ತಪ್ಪಬೇಕು. ತನಗೆ ಬರಲಿ ಅಂತಲೂ ಅಲ್ಲ, ಅವ್ವನ ಹೆಸರಿಗೇ ಇರಲಿ, ಬೇಕಾದರೆ ಮಠಕ್ಕೆ ಬರೆಯಲಿ. ಅವ್ವ ಒಬ್ಬ ಅಧಿಕಾರಿಯ ಮುಂದೆ, ತಮ್ಮ ಕೇಳುವ ಹಾಗೆ, ನನ್ನನ್ನು ಸಾಕಿದ್ದು ಮಗಳು, ಇವನಿಗೆ ಕೊಟ್ಟಿದ್ದು ವಾಪಸು ಬೇಕು ಅಂತ ಒಂದು ಸಲ ಅಂದರೆ ಸಾಕು.

ಅವ್ವನನ್ನು ಒಪ್ಪಿಸುವುದು ಕಷ್ಟ ಅಂದುಕೊಂಡಿದ್ದಳು. ಎರಡು ದಿನ ಮುದುಕಿ ಬೇಡವೇ ಬೇಡ ಅಂದಳು. ಮೂರನೇ ದಿನ ಮಂಗಳಾ ಬೇಸತ್ತು, ಅವನಿಗೂ ನೋಟೀಸು ಹೋಗುತ್ತೆ, ಅವನು ಬರಲೇಬೇಕಾಗುತ್ತೆ ಅಂದಳು. ಮುದ್ದಕ್ಕ ತಟ್ಟನೆ ತಲೆ ಎತ್ತಿ, ಬರ್ತಾನಾ ಅಂತ ಕೇಳಿದಳು. ಬರ್ತಾನೆ ಅಂದಿದ್ದೇ ತಡ, ಹೆಬ್ಬೆಟ್ಟು ಮುಂದೆ ಚಾಚಿದಳು. ಮಂಗಳಾ ಆ ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತಿದಳು.

ಅರ್ಜಿ ಜೊತೆ ದಾನಪತ್ರದ ನಕಲು, ವಯಸ್ಸಿಗೆ ಆಧಾರ್, ಮನೆಯ ಖಾತೆ ಎಲ್ಲ ಹೋಯಿತು. ಸುನೀಲ ತಕರಾರು ಹಾಕಿದ. ನನ್ನ ಪತ್ರದಲ್ಲಿ ಷರತ್ತು ಇಲ್ಲ, ಅವ್ವ ತಾನಾಗಿಯೇ ಹೋಗಿದ್ದು, ಎಲ್ಲ ಅಕ್ಕನ ಚಿತಾವಣೆ, ರದ್ದು ಮಾಡುವುದಾದರೆ ಷರತ್ತಿರುವ ಅಕ್ಕನ ಪತ್ರವನ್ನೇ ಮಾಡಿ ಅಂತ ಬರೆದುಕೊಟ್ಟಿದ್ದ. ಇದನ್ನು ಓದಿಸಿ ಕೇಳಿದ ಮಂಗಳಾಗೆ ಮೈಯೆಲ್ಲ ಉರಿದುಹೋಯಿತು. ಚಿತಾವಣೆ ಅನ್ನುವ ಮಾತು ಪೂರ್ತಿ ಸುಳ್ಳಲ್ಲದ್ದರಿಂದ ಇನ್ನೂ ಉರಿಯಿತು.

ವಿಚಾರಣೆಯ ದಿನ ಬೆಳಗಿನ ಬಸ್ಸಿಗೆ ಶಿರಾಕ್ಕೆ ಬಂದು, ಅಲ್ಲಿಂದ ಮಧುಗಿರಿ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಮಂಗಳಾ ಪಾಠ ಹೇಳಿಕೊಟ್ಟಳು. ಸಾಹೇಬರು ಕೇಳಿದರೆ, ಕಡೆತನಕ ನೋಡಿಕೊಳ್ಳುತ್ತೀನಿ ಅಂತ ಮಾತು ಕೊಟ್ಟು ಬರೆಸಿಕೊಂಡ ಅನ್ನು. ಅವನು ಹಾಗೆ ಅಂದಿದ್ದು ನಿಜ ತಾನೆ ಅವ್ವ? ನಿಜ ಕಣಮ್ಮ ಅಂದಳು ಮುದ್ದಕ್ಕ. ಹಾಗಾದರೆ ಅದನ್ನೇ ಹೇಳು, ಇಲ್ಲದ್ದನ್ನು ಹೇಳು ಅನ್ನುತ್ತಿಲ್ಲ ನಾನು. ಹೂಂ ಅಂದಳು ಮುದ್ದಕ್ಕ. ಒಗೆದ ಸೀರೆ ಉಟ್ಟಿದ್ದಳು, ಯಾವತ್ತೂ ಇಲ್ಲದ್ದು ಹೂವು ಬೇರೆ ಕೇಳಿ ಇಸಕೊಂಡು ಕೈಯಲ್ಲಿ ಹಿಡಿದಿದ್ದಳು, ಸುನೀಲನ ಜೊತೆ ಮೊಮ್ಮಗಳು ಬಂದಿದ್ದರೆ ಮುಡಿಸುತ್ತೀನಿ ಅಂತ.

ಎ.ಸಿ. ಕಚೇರಿಯ ಮೊಗಸಾಲೆಯಲ್ಲಿ ಸುನೀಲ ಒಬ್ಬನೇ ನಿಂತಿದ್ದ. ಅವ್ವನನ್ನು ನೋಡಿ ಫೋನು ಕಿವಿಗಿಟ್ಟುಕೊಂಡು ಆ ಕಡೆ ತಿರುಗಿದ. ಮುದ್ದಕ್ಕ ಬೆಂಚಿನ ತುದಿಗೆ ಜರುಗಿ ಅವನಿಗೊಂದು ಜಾಗ ಮಾಡಿ ಕೂತಳು. ಅರ್ಧ ಗಂಟೆ ಆ ಜಾಗ ಖಾಲಿಯೇ ಇತ್ತು. ಮಂಗಳಾ ನಿಂತೇ ಇದ್ದಳು. ಅಲ್ಲಿ ಕೂರಬೇಕು ಅಂತ ಅವಳಿಗೂ ಅನ್ನಿಸಲಿಲ್ಲ, ಕೂರು ಅಂತ ಅವ್ವನೂ ಅನ್ನಲಿಲ್ಲ.

ಒಳಗೆ ಎ.ಸಿ. ಮೇಡಂ ಚಿಕ್ಕ ವಯಸ್ಸಿನವರು, ಆದರೆ ಫೈಲು ಪೂರ್ತಿ ಓದಿಕೊಂಡಿದ್ದರು. ಮುದ್ದಕ್ಕನಿಗೆ ಕುರ್ಚಿ ಹಾಕಿಸಿದರು. ಮೂರು ವರ್ಷದಿಂದ ತಾಯಿಯನ್ನು ನೋಡಲು ಎಷ್ಟು ಸಲ ಹೋಗಿದ್ದೀರಿ ಅಂತ ಸುನೀಲನನ್ನು ಕೇಳಿದರು. ಅವನು ವ್ಯಾಪಾರ, ಪುರುಸೊತ್ತು ಅಂತ ಏನೇನೋ ಅಂದ. ಎಷ್ಟು ಸಲ ಅಂತ ಮತ್ತೆ ಕೇಳಿದರು. ಅವನು ಕೈಯಲ್ಲಿದ್ದ ಫೋನು ನೋಡತೊಡಗಿದ. ಮಂಗಳಾಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಮೇಲೆ ಮೇಡಂ ಮುದ್ದಕ್ಕನ ಕಡೆ ತಿರುಗಿ ನಿಧಾನವಾಗಿ ವಿವರಿಸಿದರು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿದ್ದರೆ, ಅವರು ಅದನ್ನು ತಪ್ಪಿದ್ದರೆ, ದಾನಪತ್ರ ರದ್ದು ಮಾಡುವ ಅಧಿಕಾರ ನಮಗಿದೆ. ಮಗ ನೋಡಿಕೊಂಡಿಲ್ಲ ಅನ್ನುವುದು ಕಾಣುತ್ತಾ ಇದೆ. ಆದರೆ ನಿಮ್ಮ ಮಗನ ಪತ್ರದಲ್ಲಿ ಷರತ್ತಿಲ್ಲ. ಬರೀ ಮಗ ಅನ್ನುವ ಕಾರಣಕ್ಕೆ ಷರತ್ತು ಇತ್ತು ಅಂತ ನಾವು ಊಹಿಸಿಕೊಳ್ಳುವ ಹಾಗಿಲ್ಲ.

"ಬಾಯಿಮಾತಲ್ಲಾದ್ರೂ ಅಂಥ ಒಪ್ಪಂದ ಆಗಿತ್ತಾ ಅಜ್ಜಿ? ನೋಡ್ಕೋತೀನಿ ಅಂತ ಅವರು ಹೇಳಿದ್ರಾ, ಅದಕ್ಕೇ ನೀವು ಕೊಟ್ರಾ? ಆಗಿದ್ರೆ ಹೇಳಿ. ಅದನ್ನೂ ಪರಿಗಣಿಸೋಕೆ ದಾರಿ ಇದೆ."

ಮುದ್ದಕ್ಕ ಮಗನ ಮುಖ ನೋಡಿದಳು. ಅವನು ಫೋನು ಜೇಬಿಗಿಟ್ಟು, ಮೂರು ವರ್ಷದಲ್ಲಿ ಮೊದಲನೇ ಸಲ ಅವ್ವನನ್ನೇ ನೋಡುತ್ತಿದ್ದ.

"ಇಲ್ಲ ತಾಯಿ" ಅಂದಳು ಮುದ್ದಕ್ಕ. "ಅವ್ನೇನೂ ಅನ್ನಲಿಲ್ಲ. ನಾನೇ ಕೊಟ್ಟೆ."

ಮಂಗಳಾಗೆ ತಡೆಯಲಾಗಲಿಲ್ಲ. "ಅಂದಿದ್ದ ಮೇಡಮ್ಮೋರೆ, ನಾನೇ ಕಿವಿಯಾರೆ ಕೇಳಿವ್ನಿ. ಅವ್ವ, ಬಸ್ಸಲ್ಲಿ ನೀನೇ ಅಂದ್ಯಲ್ಲ, ನಿಜ ಹೇಳವ್ವ" ಅಂದಳು.

ಮೇಡಂ ಅವಳನ್ನು ತಡೆದು ಮುದ್ದಕ್ಕನನ್ನು ಇನ್ನೊಂದು ಸಲ ಕೇಳಿದರು. ಹೆದರಬೇಡಿ, ಬೇಕಾದರೆ ಮಗನನ್ನೂ ಮಗಳನ್ನೂ ಹೊರಗೆ ಕಳಿಸುತ್ತೀನಿ ಅಂದರು. ಬೇಡ ತಾಯಿ, ಇರಲಿ, ಅಂದಿಲ್ಲ ಅಂದರೆ ಅಂದಿಲ್ಲ ಅಂದಳು ಮುದುಕಿ. ಮೇಡಂ ಪೆನ್ನು ಕೆಳಗಿಟ್ಟು ಮಂಗಳಾಗೆ ಹೇಳಿದರು: ಕೊಟ್ಟವರು ಅವರು. ರದ್ದಾಗಲಿ ಅನ್ನಬೇಕಾದವರೂ ಅವರೇ. ಅವರೇ ಇಲ್ಲ ಅಂದ ಮೇಲೆ ನಿಮ್ಮ ಮಾತಿನ ಮೇಲೆ ನಾನು ಮಾಡುವುದಕ್ಕೆ ಆಗುವುದಿಲ್ಲ.

ಹಾಗಂತ ಸುನೀಲನನ್ನು ಸುಮ್ಮನೆ ಬಿಡಲಿಲ್ಲ. ಪತ್ರ ಏನೇ ಇರಲಿ, ತಾಯಿಯ ಜೀವನಾಂಶ ಮಗನ ಹೊಣೆ, ಪ್ರತಿ ತಿಂಗಳೂ ನಾಲ್ಕು ಸಾವಿರ ಅವರ ಬ್ಯಾಂಕ್ ಖಾತೆಗೆ ಹಾಕಬೇಕು, ತಪ್ಪಿದರೆ ವಾರಂಟ್ ಹೊರಡಿಸುತ್ತೀನಿ ಅಂತ ಆದೇಶ ಬರೆಸಿದರು. ಆದೇಶ ಒಪ್ಪಿಗೆಯಾಗದಿದ್ದರೆ ಅರವತ್ತು ದಿನದೊಳಗೆ ತುಮಕೂರಿನಲ್ಲಿ ಡಿ.ಸಿ. ಸಾಹೇಬರಿಗೆ ಮೇಲ್ಮನವಿ ಹಾಕಿಕೊಳ್ಳಬಹುದು ಅಂತಲೂ ಮುದ್ದಕ್ಕನಿಗೆ ತಿಳಿಸಿದರು. ಕೊನೆಗೆ ಸುನೀಲನ ತಕರಾರಿನ ಹಾಳೆ ಕೈಗೆತ್ತಿಕೊಂಡರು. ಮಗಳ ಪತ್ರದಲ್ಲಿ ಷರತ್ತು ಇದೆ ಅಜ್ಜಿ. ಅವರು ನೋಡಿಕೊಳ್ಳುತ್ತಿಲ್ಲ ಅಂತ ನಿಮ್ಮದೇನಾದರೂ ದೂರು ಇದೆಯಾ?

ಮಗನಿಗಾಗಿ ಒಂದು ಸುಳ್ಳು ಹೇಳಿದವಳು ಇನ್ನೊಂದು ಹೇಳಿದರೆ ಹೊಲವೂ ಹೋಯಿತು ಅಂದುಕೊಂಡಳು ಮಂಗಳಾ. ಮುದ್ದಕ್ಕ ಆ ಸುಳ್ಳು ಹೇಳಲಿಲ್ಲ. ಇಲ್ಲ ತಾಯಿ, ಮೂರು ವರ್ಷದಲ್ಲಿ ಒಂದು ಹೊತ್ತೂ ತಪ್ಪಿಸಿಲ್ಲ, ಮಾತ್ರೆ ಮರೆತಿಲ್ಲ, ಒಂದು ಒರಟು ಮಾತು ಆಡಿಲ್ಲ ಅಂತ ಒಂದೊಂದಾಗಿ ಹೇಳಿದಳು. ಎಷ್ಟೋ ವರ್ಷದಿಂದ ಮಂಗಳಾ ಯಾವ ಮಾತಿಗೆ ಕಾದಿದ್ದಳೋ ಆ ಮಾತು, ಅಧಿಕಾರಿಯ ಮುಂದೆ, ತಮ್ಮ ಕೇಳುವ ಹಾಗೆ. ಅವಳ ಕಣ್ಣು ತುಂಬಿ ಬಂತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಮೇಡಂಗೆ ಕುತೂಹಲ ತಡೆಯಲಾಗಲಿಲ್ಲ. ಮತ್ತೆ ಮಗಳ ಪತ್ರದಲ್ಲಿ ಮಾತ್ರ ಷರತ್ತು ಯಾಕೆ ಬರೆಸಿದಿರಿ ಅಂತ ಕೇಳಿಬಿಟ್ಟರು.

"ಇವ್ಳು ನೋಡ್ಕೊಂತಾಳೆ ಅಂತ ನಂಗೊತ್ತಿತ್ತು ತಾಯಿ" ಅಂದಳು ಮುದ್ದಕ್ಕ. "ಬರ್ಸಿದ್ರೂ ಇವ್ಳದೇನೂ ಹೋಗಕಿಲ್ಲ. ಅವ್ನು ನೋಡ್ಕೊಣಲ್ಲ ಅಂತ್ಲೂ ಗೊತ್ತಿತ್ತು. ಅವ್ನದ್ರಲ್ಲಿ ಬರ್ಸಿದ್ರೆ ಮನೆ ಹೊಂಟೋಗ್ಬುಡ್ತಿತ್ತು. ಹೆಂಡ್ರು ಮಕ್ಕಳು ಕಟ್ಕೊಂಡು ಎಲ್ಲಿಗೋಯ್ತಿದ್ದ?"

ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆ ಎತ್ತಿ ಮಂಗಳಾ ಕಡೆ ನೋಡಿ ಮತ್ತೆ ತಗ್ಗಿಸಿದ. ಸುನೀಲ ನೆಲ ನೋಡುತ್ತಿದ್ದ. ಹೊರಗೆ ಬಂದಾಗ ಮುದ್ದಕ್ಕ ಅವನ ತೋಳು ಹಿಡಿದು, ಊಟ ಮಾಡಿದೆಯಾ, ಯಾಕಿಷ್ಟು ಸೊರಗಿದ್ದೀಯ ಅಂತ ಕೇಳಿದಳು. ಹೂವಿನ ಪೊಟ್ಟಣವನ್ನು ಅವನ ಕೈಗಿಟ್ಟಳು. ಅವನು ಬರ್ತೀನವ್ವ ಅಂದು ಮೆಟ್ಟಿಲಿಳಿದು ಹೋದ. ಎಲ್ಲಿಗೆ ಬರುತ್ತೀನಿ, ಯಾವಾಗ ಬರುತ್ತೀನಿ ಅನ್ನಲಿಲ್ಲ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಗಳಾ ಅವ್ವನಿಗೆ ಇಡ್ಲಿ ಕೊಡಿಸಿದಳು. ಬಿಸಿ ಆರಿಸಿ, ಮಾತ್ರೆ ಬಿಡಿಸಿ ಪಕ್ಕಕ್ಕಿಟ್ಟಳು. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಮುದ್ದಕ್ಕ ಮಗಳ ಮುಖ ನೋಡಿ, ಸಿಟ್ಟಾ ಅಂತ ಕೇಳಿದಳು.

"ನಾನೂ ನೋಡ್ಕೊಳ್ದೆ ಬೀದಿಗ್ಬುಟ್ಟಿದ್ರೆ ಏನ್ಮಾಡ್ತಿದ್ದೆ ಅವ್ವ?" ಅಂದಳು ಮಂಗಳಾ.

ಮುದ್ದಕ್ಕನಿಗೆ ನಗು ಬಂತು. ಎಳೆಯ ಮಗುವಿನ ಮಾತು ಕೇಳಿದ ಹಾಗೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ನೀನಾ? ಹಂಗೆಲ್ಲ ಮಾಡಾಕಾಯ್ತದಾ ನಿನ್ ಕೈಲಿ?" ಅಂದು ಇಡ್ಲಿ ಮುರಿದಳು.

ಅವ್ವ ಹೊಗಳಿದ್ದೇ ಅದು, ಮಂಗಳಾಗೆ ತಿಳಿಯದ್ದೇನಲ್ಲ. ಆದರೂ ಹೊಟ್ಟೆಯೊಳಗಿನ ಉರಿ ಇಳಿಯಲಿಲ್ಲ. ಅವ್ವ ತನ್ನ ಬಗ್ಗೆ ಹೇಳಿದ್ದು ಒಂದಕ್ಷರ ಬಿಡದೆ ನಿಜ, ಅವನ ಬಗ್ಗೆ ಹೇಳಿದ್ದು ಸುಳ್ಳು. ನಿಜ ಹೇಳುವುದಕ್ಕೆ ಅವ್ವ ಏನೂ ಕಷ್ಟಪಡಬೇಕಾಗಿರಲಿಲ್ಲ. ಆ ಸುಳ್ಳಿಗೆ ಹುಳಿಗೆ ಬಿರಿದ ಬೆರಳಲ್ಲಿ ಕಟ್ಟಿದ ಮನೆಯನ್ನೇ ಬಿಟ್ಟುಕೊಟ್ಟಿದ್ದಳು. ಶಿರಾ ಬಸ್ಸು ಬಂತು. ಮಂಗಳಾ ಅವ್ವನ ರಟ್ಟೆ ಹಿಡಿದು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಬಿಸಿಲು ಬೀಳದ ಹಾಗೆ ಸೆರಗು ಸರಿಮಾಡಿದಳು. ಅವ್ವ ನನಗೋಸ್ಕರವೂ ಒಂದು ಸಲ, ಒಂದೇ ಒಂದು ಸಲ, ಸುಳ್ಳು ಹೇಳಬಾರದಿತ್ತೇ ಅನ್ನಿಸಿ ಅವಳಿಗೆ ಅಳು ಬಂತು.